ತೀರ್ಮಾನದ ಸಾಲು ಮೊದಲಿಗೆ ಬರಲಿ

ರಟ್ಟಿನ ಪೆಟ್ಟಿಗೆ ಪೂರೈಸುವವರು ದರವನ್ನು ಶೇ. 8ರಷ್ಟು ಏರಿಸುವುದಾಗಿ ಬರೆದರು ಎಂದುಕೊಳ್ಳಿ. ಖರೀದಿ, ಹಣಕಾಸು, ಗೋದಾಮು ವಿಭಾಗಗಳ ನಡುವೆ ನಲವತ್ತು ಇಮೇಲ್ ಓಡಾಡಿವೆ. ಈಗ ನಿರ್ದೇಶಕರ ಒಪ್ಪಿಗೆ ಬೇಕು. ಅನೇಕರು ಮೊದಲ ಇಮೇಲಿನಿಂದ ಕಥೆ ಹೇಳತೊಡಗುತ್ತಾರೆ. ಆದರೆ ಮೊಬೈಲಿನಲ್ಲಿ ಓದುವವರ ಕಣ್ಣಿಗೆ ಮೊದಲು ಬೀಳುವುದು ಮೇಲಿನ ಕೆಲವೇ ಸಾಲು. ಕೇಳಬೇಕಾದ್ದನ್ನು ಅಲ್ಲೇ ಕೇಳಬೇಕು:

“ಶುಕ್ರವಾರ ಸಂಜೆ 5ರೊಳಗೆ ನಿಮ್ಮ ಒಪ್ಪಿಗೆ ಬೇಕು. ಶೇ. 5ರ ಏರಿಕೆಗೆ ಒಂದು ವರ್ಷದ ಕರಾರು ಮಾಡಿಕೊಳ್ಳೋಣ ಎಂಬುದು ಖರೀದಿ ವಿಭಾಗದ ಶಿಫಾರಸು. ತೀರ್ಮಾನವಾಗದಿದ್ದರೆ ಸೋಮವಾರದಿಂದ ಶೇ. 8 ಜಾರಿಯಾಗುತ್ತದೆ. ಕರಾರಿಗೆ ಹಣಕಾಸು ವಿಭಾಗದ ಆಕ್ಷೇಪವಿದೆ.”

ಕಾರಣ, ಖರ್ಚಿನ ಲೆಕ್ಕ ಇದರ ಕೆಳಗೆ ಬರಲಿ. ಹಳೆಯ ಸರಣಿಯನ್ನು ಕೊನೆಗೆ ಲಗತ್ತಿಸಿದರೆ ಸಾಕು.

ಎಡವುವುದು ಹೆಚ್ಚಾಗಿ ಓದುವಾಗಲೇ. ಶೇ. 8 ಮೊದಲ ಇಮೇಲಿನ ಅಂಕಿ. ಮಾತುಕತೆಯ ಬಳಿಕ ಅದು 5ಕ್ಕೆ ಇಳಿದಿದೆ. ಹಾಗಾಗಿ ಪ್ರತಿ ಅಂಕಿಗೂ ತೀರಾ ಈಚಿನ ಇಮೇಲ್ ಹುಡುಕಿ. ಯಾರೋ ಹಳೆಯ ಇಮೇಲಿಗೆ ಉತ್ತರಿಸಿದಾಗ ಸರಣಿ ಕವಲೊಡೆಯುತ್ತದೆ. ಹಣಕಾಸಿನವರ ಆಕ್ಷೇಪ ಅಂಥ ಕವಲಿನಲ್ಲೇ ಅಡಗಿರಬಹುದು. ಗೋದಾಮಿನವರು ಉತ್ತರಿಸಿಲ್ಲವೆಂದರೆ “ಉತ್ತರ ಬಂದಿಲ್ಲ” ಎಂದೇ ಬರೆಯಿರಿ, “ಎಲ್ಲರೂ ಒಪ್ಪಿದ್ದಾರೆ” ಎನ್ನಬೇಡಿ.

ಕಳುಹಿಸುವ ಮುನ್ನ ಆಕ್ಷೇಪ ಎತ್ತಿದವರಿಗೆ ಅವರ ಸಾಲನ್ನು ಒಮ್ಮೆ ತೋರಿಸಿ.