ಟೈಲ್ಸ್ ಎದ್ದು ನಿಲ್ಲುವುದೇಕೆ?

ಐದಾರು ವರ್ಷ ಸುಮ್ಮನಿದ್ದ ಹಾಲ್‌ನ ನೆಲ ಒಂದು ದಿನ ಪಟಾರನೆ ಸದ್ದು ಮಾಡುತ್ತದೆ. ಹೋಗಿ ನೋಡಿದರೆ ಎರಡು ಟೈಲ್ಸ್ ಒಂದಕ್ಕೊಂದು ಒರಗಿ ಗುಡಾರದಂತೆ ನಿಂತಿರುತ್ತವೆ. ಸಾಮಾನ್ಯವಾಗಿ ಎಲ್ಲರೂ ಬೈಯುವುದು ಟೈಲ್ಸ್ ಕಂಪನಿಯನ್ನು. ಆದರೆ ಹೆಚ್ಚಿನ ಸಲ ತಪ್ಪು ಇರುವುದು ಕೂರಿಸಿದ ರೀತಿಯಲ್ಲಿ.

8 ಮೀಟರ್ ಉದ್ದದ ಹಾಲ್ ಒಂದನ್ನು ತೆಗೆದುಕೊಳ್ಳಿ. ಬಿಸಿಲು ಬಿದ್ದು ನೆಲದ ತಾಪ 20 ಡಿಗ್ರಿ ಏರಿದರೆ ಟೈಲ್ಸ್ ಸಾಲು ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಕೆಳಗಿನ ಕಾಂಕ್ರೀಟ್ ಸ್ಲ್ಯಾಬ್ ಮಾತ್ರ ಒಣಗುತ್ತಾ ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಹಾಗಾಗಿ ಬಿಸಿಲೇ ಬೀಳದ ಕೋಣೆಯಲ್ಲೂ ಟೈಲ್ಸ್ ಮೇಲೆ ಒತ್ತಡ ಕೂಡಿಕೊಳ್ಳುತ್ತದೆ. ಸಂದು ಕಾಣದಂತೆ ಒತ್ತಿ ಕೂರಿಸಿ, ಗೋಡೆಯವರೆಗೂ ಬಿಗಿದುಬಿಟ್ಟಿದ್ದರೆ ಆ 1 ಮಿ.ಮೀ.ಗೆ ಹೋಗಲು ಜಾಗವಿಲ್ಲ, ಮೇಲೇಳುವುದೊಂದೇ ದಾರಿ. ಎರಡಡಿಯ ಎರಡು ಟೈಲ್ಸ್ ಸೇರಿ ಅಷ್ಟನ್ನು ನುಂಗಬೇಕೆಂದರೆ, ಅವು ಕೂಡುವ ಅಂಚು ಸುಮಾರು 24 ಮಿ.ಮೀ. ಏಳಬೇಕು. ಚಿಕ್ಕ ಹಿಗ್ಗು ಇಷ್ಟು ದೊಡ್ಡ ಉಬ್ಬಾಗುವುದು ಹೀಗೆ.

ಅಂಟು ಗಟ್ಟಿಯಿದ್ದರೆ ನೆಲ ಈ ಒತ್ತಡವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲವೆನ್ನಬಹುದು, ಅದಕ್ಕೇ ಬರೀ ಸಿಮೆಂಟ್ ಹಾಲು ಅದನ್ನು ಹಿಡಿಯುವುದಿಲ್ಲ. ಸಾಲದ್ದಕ್ಕೆ ಕುಲುಮೆಯಲ್ಲಿ ಅಂಟದಿರಲೆಂದು ಹಿಂಬದಿಗೆ ಬಳಿದ ಬಿಳಿ ಪುಡಿ ಉಳಿದಿರುತ್ತದೆ. ಬೆರಳಿನಿಂದ ಉಜ್ಜಿದರೆ ಕೈಗೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸದೆ ಕೂರಿಸಿದರೆ ಅಂಟು ಹಿಡಿಯುವುದು ಆ ಪುಡಿಯನ್ನೇ ಹೊರತು ಟೈಲ್ಸ್ ಅನ್ನಲ್ಲ.

ಎದ್ದ ಟೈಲ್ಸ್ ಅನ್ನು ತಿರುಗಿಸಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಹಿಂಬದಿ ಸ್ವಚ್ಛವಾಗಿದ್ದು ಅದರ ಗೆರೆಗಳ ಅಚ್ಚು ನೆಲದ ಗಾರೆಯಲ್ಲಿ ಮೂಡಿದ್ದರೆ, ಪುಡಿ ಉಳಿದಿತ್ತು ಅಥವಾ ಟೈಲ್ಸ್‌ಗೆ ತಕ್ಕ ಅಂಟು ಬಳಸಿರಲಿಲ್ಲ. ಗೆರೆಗಳ ಅಚ್ಚೇ ಮೂಡಿರದಿದ್ದರೆ ಅಂಟು ಮೇಲ್ಪದರ ಒಣಗಿದ ಮೇಲೆ ಕೂರಿಸಿದ್ದಾರೆ. ಗಾರೆಯೆಲ್ಲ ಟೈಲ್ಸ್ ಜೊತೆ ಎದ್ದು ಬಂದಿದ್ದರೆ ನೆಲವನ್ನೇ ಗುಡಿಸಿ ತೊಳೆದಿರಲಿಲ್ಲ. ನಾಲ್ಕು ಮೂಲೆಗೂ ನಡುವಿಗೂ ಉಂಡೆ ಉಂಡೆಯಾಗಿ ಗಾರೆ ಇಟ್ಟಿದ್ದರೆ ಉಳಿದ ಜಾಗವೆಲ್ಲ ಪೊಳ್ಳು.

ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದೆರಡು ಕಡೆ ಟೊಳ್ಳಿದ್ದು ಅಲುಗಾಡದಿದ್ದರೆ ಕೀಳಬೇಕಿಲ್ಲ. ಆರು ತಿಂಗಳ ನಂತರ ಮತ್ತೆ ತಟ್ಟಿ, ಗುರುತು ಮೀರಿ ಹರಡಿದ್ದರೆ ಆಗ ಕೆಲಸ ಹಿಡಿಯಿರಿ. ಎದ್ದ ಟೈಲ್ಸ್ ಅನ್ನು ಮತ್ತೆ ಬಿಗಿಯಾಗಿ ಅಂಟಿಸಿದರೆ ಒತ್ತಡ ಅಲ್ಲೇ ಉಳಿದು ಮುಂದೆ ಪಕ್ಕದ್ದು ಏಳುತ್ತದೆ.

ಹೊಸದಾಗಿ ಹಾಕಿಸುವವರು ಸ್ಪೇಸರ್ ಇಟ್ಟು ಕನಿಷ್ಠ 2 ಮಿ.ಮೀ. ಸಂದು ಬಿಡಿಸಿ. ಗೋಡೆಯ ಸುತ್ತ 6 ಮಿ.ಮೀ.ನಷ್ಟು ಜಾಗ ಖಾಲಿ ಇರಲಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಬಾಗಿಲುಗಳಲ್ಲಿ, ದೊಡ್ಡ ಹಾಲ್ ಆದರೆ ಆರೇಳು ಮೀಟರ್‌ಗೊಂದು ಕಡೆ, ಸಿಮೆಂಟ್ ಬದಲು ಸಿಲಿಕೋನ್ ತುಂಬಿದ ಸಂದು ಬೇಕು. ಸ್ಕರ್ಟಿಂಗ್ ಕೂರಿಸುವ ಮೊದಲು ಒಮ್ಮೆ ಬಗ್ಗಿ ಆ ಗೋಡೆಯಂಚನ್ನು ನೋಡಿ. ಅಲ್ಲಿ ಗಾರೆ ತುಂಬಿದ್ದರೆ ಮೇಸ್ತ್ರಿಗೆ ಹೇಳಿ ಅವತ್ತೇ ತೆಗೆಸಿ.