ಬಣ್ಣ ನೋಡಬೇಡಿ, ಬಾಲ ನೋಡಿ

ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಇಂಥದ್ದೊಂದು ಸಂದರ್ಭ ಎದುರಾಗುವುದು ಹೊಸದಲ್ಲ. ಗದ್ದೆಯ ಮುಕ್ಕಾಲು ಭಾಗ ಬಯಲಾಗಿದೆ. ಆಳೊಬ್ಬರು ತರಗು ಸರಿಸುತ್ತಾರೆ, ಅಡಿಯಲ್ಲಿ ಅಂಗೈಯಗಲದ ಮೂರು ಮರಿಗಳು. ಮೈ ಕಂದು, ಅದರ ಮೇಲೆ ಮಬ್ಬು ಪಟ್ಟೆ. ‘ಚಿರತೆ ಮರಿ ಕಣಣ್ಣಾ’ ಎಂದು ಒಬ್ಬರು ಕೂಗಿದರೆ, ‘ಯಾರೋ ಬೆಕ್ಕಿನ ಮರಿ ತಂದು ಬಿಟ್ಟವ್ರೆ’ ಎನ್ನುತ್ತಾರೆ ಇನ್ನೊಬ್ಬರು. ಕೊನೆಗೆ ಯಾರಾದರೂ ಮರುಕಪಟ್ಟು ಮರಿಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ಮರಿಗಳ ಪಾಲಿಗೆ ಅನಾಹುತ ಶುರುವಾಗುವುದು ಅಲ್ಲಿಂದ.

ಇಬ್ಬರೂ ಹೇಳದ ಮೂರನೆಯ ಸಾಧ್ಯತೆಯೊಂದಿದೆ: ಕಾಡುಬೆಕ್ಕು. ಹೆಸರಿನಲ್ಲಿ ಕಾಡು ಇದ್ದರೂ ದಟ್ಟ ಕಾಡು ಇದರ ಮೆಚ್ಚಿನ ಜಾಗವಲ್ಲ. ಕುರುಚಲು, ಹುಲ್ಲುಗಾವಲು, ಕೆರೆಯಂಚಿನ ಜೊಂಡು, ಆಳೆತ್ತರದ ಕಬ್ಬು ಇದಕ್ಕೆ ಒಗ್ಗುತ್ತವೆ. ಕಬ್ಬಿನ ಗದ್ದೆಯಲ್ಲಿ ನೆರಳೂ ಉಂಟು, ಇಲಿಯೂ ಉಂಟು. ಹೀಗಾಗಿ ತಾಯಿ ಅಲ್ಲೇ ಮರಿ ಹಾಕುತ್ತದೆ.

ಇದನ್ನು ಊರಬೆಕ್ಕಿನಿಂದ ಬೇರೆಮಾಡಿ ಗುರುತಿಸಲು ಜನ ಮೊದಲು ನೋಡುವುದು ಬಣ್ಣವನ್ನು. ತಪ್ಪುವುದೂ ಅಲ್ಲಿಯೇ. ಬೆಳೆದ ಕಾಡುಬೆಕ್ಕಿನ ಮೈ ಹೆಚ್ಚುಕಡಿಮೆ ಒಂದೇ ಬಣ್ಣದ್ದು: ಮರಳುಗಂದು ಅಥವಾ ಬೂದುಗಂದು. ಪಟ್ಟೆಯೇನಿದ್ದರೂ ಕಾಲಿನ ಮೇಲೆ, ಬಾಲದ ತುದಿಯ ಕಡೆಗೆ. ಆದರೆ ನಮ್ಮ ಬೀದಿಗಳಲ್ಲಿ ಇದೇ ಮೈಬಣ್ಣದ ಊರಬೆಕ್ಕುಗಳೂ ಬೇಕಾದಷ್ಟಿವೆ. ಅವುಗಳ ಒಂದೊಂದು ಕೂದಲಿನಲ್ಲೂ ತಿಳಿ ಮತ್ತು ಗಾಢ ಬಣ್ಣ ಒಂದಾದ ಮೇಲೊಂದು ಬರುತ್ತದೆ. ದೂರಕ್ಕೆ ಅದೆಲ್ಲ ಕಲಸಿ ಮೈಯೆಲ್ಲ ಒಂದೇ ಮಣ್ಣುಬಣ್ಣವಾಗಿ ಕಾಣುತ್ತದೆ. ಇಂಥ ಬೆಕ್ಕು ಮುಸ್ಸಂಜೆ ಬದುವಿನ ಮೇಲೆ ದಾಟಿದರೆ ಅನುಭವಸ್ಥರೂ ಕಾಡುಬೆಕ್ಕೆಂದೇ ನಂಬುತ್ತಾರೆ. ಇತ್ತ ಕಾಡುಬೆಕ್ಕಿನಲ್ಲೇ ಅಪರೂಪಕ್ಕೆ ಪೂರ್ತಿ ಕರಿಯವೂ ಹುಟ್ಟುತ್ತವೆ.

ಬಣ್ಣದಿಂದ ಖಚಿತವಾಗಿ ತಿಳಿಯುವ ಸಂಗತಿ ಒಂದಿದೆ, ಅದು ಬಿಳುಪು. ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತೆ, ಎದೆಗೆ ಬಿಳಿ ಬಟ್ಟೆ ಕಟ್ಟಿದಂತೆ ಅಂಚು ಕತ್ತರಿಸಿದ ಮಚ್ಚೆಗಳಿದ್ದರೆ ಅದು ಊರಬೆಕ್ಕು. ಮನುಷ್ಯರ ಜೊತೆ ತಲೆಮಾರುಗಟ್ಟಲೆ ಬದುಕಿದ ಪ್ರಾಣಿಗಳಲ್ಲಿ ಇಂಥ ಮಚ್ಚೆ ಉಳಿದು ಬೆಳೆಯುತ್ತದೆ. ಕಾಡುಬೆಕ್ಕಿಗೂ ಗಲ್ಲ, ಹೊಟ್ಟೆ ತಿಳಿಯಾಗಿರುತ್ತವೆ. ಆದರೆ ಆ ತಿಳುಪು ಮೈಬಣ್ಣದೊಳಗೆ ಮೆಲ್ಲಗೆ ಕರಗಿಹೋಗುತ್ತದೆ.

ಮಿಕ್ಕಂತೆ ನೋಡಬೇಕಾದದ್ದು ಬಾಲ. ಕಾಡುಬೆಕ್ಕಿನ ಬಾಲ ಮೊಟಕು. ತಲೆ ಮತ್ತು ಮೈ ಸೇರಿ 65 ಸೆಂಟಿಮೀಟರ್ ಉದ್ದವಿರುವ ಪ್ರಾಣಿಗೆ ಬಾಲ 26 ಸೆಂಟಿಮೀಟರ್ ಆಸುಪಾಸು, ಅಂದರೆ ಮೈಯುದ್ದದ ಅರ್ಧಕ್ಕೂ ಕಡಿಮೆ. ಊರಬೆಕ್ಕಿನ ಮೈ 46 ಸೆಂಟಿಮೀಟರ್ ಇದ್ದರೆ ಬಾಲ 30ರಷ್ಟಿರುತ್ತದೆ, ಅಂದರೆ ಅರ್ಧವನ್ನು ಮೀರಿದ್ದು. ಪ್ರಾಣಿಯನ್ನು ಹಿಡಿದು ಅಳೆಯಬೇಕಾಗಿಲ್ಲ. ಅದು ಅಡ್ಡಲಾಗಿ ನಿಂತಾಗ ಬಾಲ ಎಲ್ಲಿಯವರೆಗೆ ಇಳಿಬಿದ್ದಿದೆ ಎಂದು ಗಮನಿಸಿದರೆ ಸಾಕು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿದ ಗಂಟು ಇರುತ್ತದಲ್ಲ, ಕಾಡುಬೆಕ್ಕಿನ ಬಾಲ ಅಲ್ಲಿಗೆ ಮುಗಿಯುತ್ತದೆ. ಊರಬೆಕ್ಕಿನದು ಆ ಗಂಟನ್ನು ದಾಟಿ ನೆಲದ ಹತ್ತಿರಕ್ಕೆ ಬರುತ್ತದೆ. ಮೊಬೈಲಿನಲ್ಲಿ ಒಂದು ಪಕ್ಕದ ಫೋಟೊ ಸಿಕ್ಕರೆ ಕಾಗದದ ಚೂರಿನಲ್ಲೇ ಮೈಗೂ ಬಾಲಕ್ಕೂ ಹೋಲಿಸಿ ನೋಡಬಹುದು. ಆದರೆ ಪ್ರಾಣಿ ಕ್ಯಾಮೆರಾದ ಕಡೆಗೆ ನಡೆದು ಬರುತ್ತಿರುವ ಫೋಟೊ ನಂಬುವಂತಿಲ್ಲ, ಅದರಲ್ಲಿ ಮೈಯ ಉದ್ದ ಕುಗ್ಗಿ ಕಾಣುತ್ತದೆ. ಜಗಳದಲ್ಲೋ ಬಾಗಿಲ ಸಂದಿನಲ್ಲೋ ಬಾಲ ತುಂಡಾದ ಊರಬೆಕ್ಕುಗಳೂ ಇವೆ.

ಅದಕ್ಕೇ ಬಾಲದ ಜೊತೆ ಇನ್ನೆರಡು ಗುರುತನ್ನು ಸೇರಿಸಿಕೊಳ್ಳಬೇಕು. ಮೊದಲನೆಯದು ಕಾಲು. ಕಾಡುಬೆಕ್ಕಿನ ಕಾಲು ಉದ್ದ, ಹುಲ್ಲಿನ ಮೇಲಿಂದ ಮೈ ಎತ್ತಿ ಹಿಡಿದಂತೆ ನಡೆಯುತ್ತದೆ. ಎರಡನೆಯದು ಕಿವಿ. ಅದು ದೊಡ್ಡದು, ನೆಟ್ಟಗೆ ನಿಂತದ್ದು, ತುದಿಯಲ್ಲಿ ಕರಿಯ ಕೂದಲಿನ ಚಿಕ್ಕ ಕುಚ್ಚು. ಕುಚ್ಚೊಂದನ್ನೇ ನೆಚ್ಚಬಾರದು, ಕೆಲವು ಊರಬೆಕ್ಕುಗಳಿಗೂ ಅದಿರುತ್ತದೆ. ಮೊಟಕು ಬಾಲ, ಉದ್ದ ಕಾಲು, ಕುಚ್ಚುಗಿವಿ ಮೂರೂ ಒಂದೇ ಮೈಯಲ್ಲಿ ಕಂಡರೆ ಮಾತ್ರ ಗಟ್ಟಿಯಾಗಿ ಹೇಳಬಹುದು.

ಈಗ ಗದ್ದೆಯ ಮರಿಗಳಿಗೆ ಬರೋಣ. ಮರಿಗಳ ವಿಷಯ ಕಷ್ಟ, ಏಕೆಂದರೆ ಕಾಡುಬೆಕ್ಕಿನ ಮರಿಗೆ ಹುಟ್ಟಿನಲ್ಲಿ ಪಟ್ಟೆ, ಚುಕ್ಕೆ ಇರುತ್ತವೆ. ಬೆಳೆಯುತ್ತ ಅವು ಅಳಿಸಿಹೋಗುತ್ತವೆ. ಮೊದಲು ಚಿರತೆಯ ಅನುಮಾನ ತೀರಿಸಿಕೊಳ್ಳಬೇಕು. ಚಿರತೆ ಮರಿಯ ಮೈತುಂಬ ಒತ್ತೊತ್ತಾಗಿ ಕಪ್ಪು ಚುಕ್ಕೆ. ಪಂಜ ದಪ್ಪ, ಬಾಲವೂ ದಪ್ಪ, ಉದ್ದ. ಹಾಗೇನಾದರೂ ಕಂಡರೆ ತಾಯಿ ಅಲ್ಲೇ ಕಬ್ಬಿನೊಳಗೆ ಇರಬಹುದೆಂದು ತಿಳಿದು ಎಲ್ಲರೂ ತಕ್ಷಣ ಹೊರಗೆ ಬರಬೇಕು. ನಮ್ಮ ಮೂರು ಮರಿಗಳಿಗೆ ಅಂಥ ಚುಕ್ಕೆಯಿಲ್ಲ, ಪಂಜ ಸಣ್ಣದು. ಹಾಗಾಗಿ ಚಿರತೆಯಲ್ಲ.

ಆಮೇಲೆ ಮೂರನ್ನೂ ಒಟ್ಟಿಗೆ ನೋಡಬೇಕು. ಊರಬೆಕ್ಕಿನ ಒಂದೇ ಸೂಲಿನಲ್ಲಿ ಒಂದು ಕರಿಯದು, ಒಂದು ಕೆಂಪು, ಇನ್ನೊಂದು ಬಿಳಿ ಮಚ್ಚೆಯದು ಹುಟ್ಟುವುದು ಸಾಮಾನ್ಯ. ಕಾಡುಬೆಕ್ಕಿನ ಮರಿಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ತರ. ಇವು ಮೂರೂ ಒಂದೇ ಬಣ್ಣ, ಎಲ್ಲೂ ಬಿಳಿ ಮಚ್ಚೆಯಿಲ್ಲ, ಹತ್ತಿರದಲ್ಲಿ ಮನೆಯೂ ಇಲ್ಲ. ಕಾಡುಬೆಕ್ಕೇ ಇರಬೇಕು ಎನಿಸುತ್ತದೆ. ಆದರೂ ಇದು ಅಂದಾಜು. ಕಣ್ಣು ಆಗತಾನೆ ಬಿಟ್ಟ ಮರಿಯ ಮುಖ ನೋಡಿ ಆಣೆಯಿಟ್ಟು ಹೇಳಲು ಆಗುವುದಿಲ್ಲ.

ಹೇಳಲಾಗದಿದ್ದರೂ ಮಾಡಬೇಕಾದದ್ದು ಬದಲಾಗುವುದಿಲ್ಲ. ತಾಯಿ ಹಗಲಿನಲ್ಲಿ ಕಾಣಲಿಲ್ಲ ಎಂದರೆ ಮರಿಗಳನ್ನು ತೊರೆದಿದೆ ಎಂದಲ್ಲ; ಕತ್ತಿಯ ಸದ್ದಿಗೆ ಹೆದರಿ ದೂರ ಕೂತಿದೆ. ಅಷ್ಟು ಜಾಗದ ಕಬ್ಬನ್ನು ಅಂದಿಗೆ ಕಡಿಯದೆ ಬಿಟ್ಟು, ಮರಿಗಳನ್ನು ಮುಟ್ಟದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ಮರಿಗಳನ್ನು ಆಗಲೇ ಎತ್ತಿಕೊಂಡು ಹೋಗಿದ್ದರೆ, ಮುಸ್ಸಂಜೆಗೆ ಸಿಕ್ಕಿದ ಜಾಗದಲ್ಲೇ ತಾಯಿ ಸುಲಭವಾಗಿ ಎತ್ತಿಕೊಳ್ಳುವಂಥ ತೆರೆದ ಬುಟ್ಟಿಯಲ್ಲಿ ಇಡುತ್ತಾರೆ. ಜನ ದೂರ ಸರಿಯುತ್ತಾರೆ, ಕ್ಯಾಮೆರಾವೊಂದು ಕಾವಲಿರುತ್ತದೆ. ಮಹಾರಾಷ್ಟ್ರದ ಜುನ್ನರ್ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಚಿರತೆ ಮರಿಗಳನ್ನು ಹೀಗೆಯೇ ತಾಯಿಯ ಬಳಿಗೆ ಸೇರಿಸುತ್ತ ಬಂದಿವೆ. ಮೊದಲ ರಾತ್ರಿ ತಾಯಿ ಬಾರದಿದ್ದರೆ ಮರುರಾತ್ರಿ ಮತ್ತೆ ಇಡಬೇಕಾಗುತ್ತದೆ.

ಮನೆಗೊಯ್ದ ಮರಿಯ ಪಾಡು ಬೇರೆ. ಹಸುವಿನ ಹಾಲು ಅರಗದೆ ಭೇದಿಯಾಗಿ ಎಷ್ಟೋ ಮರಿಗಳು ಸಾಯುತ್ತವೆ. ಬದುಕಿದ್ದು ಮನುಷ್ಯರಿಗೆ ಒಗ್ಗಿಹೋಗಿ, ಬೇಟೆ ಕಲಿಯದೆ, ಮತ್ತೆ ಬಯಲಿಗೆ ಸಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬೆಕ್ಕನ್ನು ಸಾಕುವುದು ಅಪರಾಧವೂ ಹೌದು. ರೈತರಿಗೂ ಅದು ನಷ್ಟ: ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಲೆಕ್ಕದಲ್ಲಿ ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ಹಿಡಿಯುತ್ತದೆ.

ಬುಟ್ಟಿ ಇಟ್ಟ ರಾತ್ರಿ ಕ್ಯಾಮೆರಾದ ಮುಂದೆ ತಾಯಿ ಬಂದಾಗ ಹಗಲಿನ ವಾದವೂ ತೀರುತ್ತದೆ. ಕುತ್ತಿಗೆ ಕಚ್ಚಿ ಒಂದೊಂದೇ ಮರಿಯನ್ನು ಎತ್ತಿಕೊಂಡು ಅದು ಅಡ್ಡ ಹಾಯುತ್ತದೆ. ಆಗ ಬಾಲ ನೋಡಿ. ಹಿಂಗಾಲಿನ ಗಂಟಿಗೇ ಮುಗಿದಿದ್ದರೆ, ಆ ಮರಿಗಳು ಎಲ್ಲಿರಬೇಕಿತ್ತೋ ಅಲ್ಲಿಗೆ ಸೇರಿವೆ.