‘ಕರೆಂಟ್ ಲೋ’ ಎಂದು ಬರೆದೆ, ಮೋಟಾರ್ ಸುಟ್ಟಿತು

ನಮ್ಮೂರು ಕೋಲಾರ ತಾಲ್ಲೂಕಿನ ಹುತ್ತೂರು. ಮನೆಯಲ್ಲಿ ಇಂಗ್ಲಿಷಿನಲ್ಲಿ ಏನು ಬರೆಯಬೇಕಾಗಿ ಬಂದರೂ ಅದು ನನ್ನ ಪಾಲಿಗೆ. ಬಿ.ಇ. ಸಿವಿಲ್ ಓದುತ್ತಿದ್ದೇನಲ್ಲ, ‘ನೀನೇ ಬರಿಯಪ್ಪಾ’ ಅಂತಾರೆ. ಕಳೆದ ಬೇಸಿಗೆಯಲ್ಲಿ ಹಾಗೆ ಬರೆದ ಹತ್ತು ಸಾಲಿನ ಒಂದು ಇಮೇಲ್‌ನಿಂದ ಚಿಕ್ಕಪ್ಪನ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ತಪ್ಪು ವ್ಯಾಕರಣದ್ದಲ್ಲ. ಸ್ಪೆಲ್ಲಿಂಗ್ ಕೂಡ ಸರಿಯಾಗಿಯೇ ಇತ್ತು.

ಚಿಕ್ಕಪ್ಪ ಒಂದು ಎಕರೆ ಹತ್ತು ಗುಂಟೆಗೆ ಟೊಮೆಟೊ ಹಾಕಿದ್ದರು. ಬೋರ್‌ಗೆ ಹತ್ತು ಎಚ್‌ಪಿ ಮೋಟಾರ್, ಸಾವಿರ ಅಡಿ ಆಳಕ್ಕೆ ಬಿಟ್ಟಿದ್ದು. ಅದರ ರಕ್ಷಣೆಗೆಂದು ಹೊರರಾಜ್ಯದ ಕಂಪನಿಯೊಂದರ ಕಂಟ್ರೋಲರ್ ಕೂಡಿಸಿದ್ದರು. ಅದು ರಾತ್ರಿ ಹೊತ್ತು ಮೋಟಾರನ್ನು ಮತ್ತೆ ಮತ್ತೆ ನಿಲ್ಲಿಸುತ್ತಿತ್ತು. ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದ ನನಗೆ ಫೋನ್ ಮಾಡಿ, ‘ರಾತ್ರಿ ಕರೆಂಟ್ ಲೋ ಬರ್ತೈತೆ, ಮೋಟ್ರು ತಗೊಳ್ತಿಲ್ಲ. ನಡುನಡುವೆ ಬೋರು ಗ್ಯಾಪ್ ಬೇರೆ ಕೊಡ್ತೈತೆ. ಕಂಪನಿಯವರಿಗೆ ಬರಿ’ ಅಂದರು.

ನಾನು ಅವರು ಹೇಳಿದ್ದನ್ನೇ ಇಂಗ್ಲಿಷಿಗೆ ಇಳಿಸಿದೆ. ‘ಕರೆಂಟ್ ಈಸ್ ವೆರಿ ಲೋ ಇನ್ ದ ನೈಟ್, ಸೋ ಮೋಟಾರ್ ಈಸ್ ನಾಟ್ ಟೇಕಿಂಗ್. ಬೋರ್ ಈಸ್ ಗಿವಿಂಗ್ ಗ್ಯಾಪ್ ಆಲ್ಸೋ. ವಿ ಹ್ಯಾವ್ ಟೂ ಇಂಚ್ ವಾಟರ್.’ ಜಮೀನು ಇಷ್ಟು ಗುಂಟೆ, ಬೋರ್ ಇರುವುದು ಕೆರೆ ಕೋಡಿಯ ಪಕ್ಕ ಎಂದೂ ಸೇರಿಸಿದೆ. ಕೊನೆಯಲ್ಲಿ ‘ಪ್ಲೀಸ್ ಡು ದ ನೀಡ್‌ಫುಲ್’.

ಮರುದಿನವೇ ಉತ್ತರ ಬಂತು. ಗುಂಟೆ ಎಂದರೇನು, ಕೋಡಿ ಎಂದರೇನು ಎಂದು ವಿನಯದಿಂದ ಕೇಳಿದ್ದರು. ಕರೆಂಟ್ ಬಗ್ಗೆ ಮಾತ್ರ ಏನನ್ನೂ ಕೇಳಿರಲಿಲ್ಲ. ನೇರವಾಗಿ ಪರಿಹಾರ ಹೇಳಿದ್ದರು: ಅಂಡರ್‌ಲೋಡ್ ಮಿತಿಯನ್ನು 14 ಆಂಪಿಯರ್‌ನಿಂದ 9ಕ್ಕೆ ಇಳಿಸಿ.

ಅಲ್ಲೇ ಎಡವಿದ್ದು. ನಮ್ಮ ಕಡೆ ಕರೆಂಟ್ ಅಂದರೆ ವಿದ್ಯುತ್ ಪೂರೈಕೆ. ‘ಕರೆಂಟ್ ಹೋಯ್ತು’, ‘ಕರೆಂಟ್ ಲೋ ಇದೆ’ ಅನ್ನುತ್ತೇವೆ. ಲೋ ಇರುವುದು ವೋಲ್ಟೇಜ್. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನವರೆಲ್ಲ ಒಟ್ಟಿಗೆ ಮೋಟಾರ್ ಹಾಕುತ್ತಾರೆ. 415 ಇರಬೇಕಾದ ವೋಲ್ಟೇಜ್ 330ರ ಹತ್ತಿರಕ್ಕೆ ಕುಸಿಯುತ್ತದೆ. ಆದರೆ ಕಂಪನಿಯ ಎಂಜಿನಿಯರ್‌ಗೆ ಕರೆಂಟ್ ಎಂದರೆ ಆಂಪಿಯರ್. ತಮಾಷೆ ಏನೆಂದರೆ, ವೋಲ್ಟೇಜ್ ಕಡಿಮೆಯಾದಾಗ ಮೋಟಾರ್ ಅದೇ ಕೆಲಸ ಮಾಡಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಚಿಕ್ಕಪ್ಪನ ಮೋಟಾರ್ ಸರಿಯಾದ ವೋಲ್ಟೇಜ್‌ನಲ್ಲಿ 18 ಆಂಪಿಯರ್, ರಾತ್ರಿ ಹೊತ್ತು 22 ಎಳೆಯುತ್ತಿತ್ತು. ಅಂದರೆ ನಾನು ‘ಕಡಿಮೆ’ ಎಂದು ಬರೆದದ್ದು ಅವರ ಭಾಷೆಯಲ್ಲಿ ನಿಜಕ್ಕೆ ಪೂರಾ ಉಲ್ಟಾ. ಮೊದಲ ವರ್ಷದಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಪಾಸಾದವನಿಗೆ ಇದು ಹೊಳೆಯಬೇಕಿತ್ತು. ಆದರೆ ಬರೆಯುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಪಠ್ಯಪುಸ್ತಕದ ಕರೆಂಟ್ ಅಲ್ಲ, ಮನೆಯ ಕರೆಂಟ್.

ಕಂಪನಿಯವರು ಓದಿಕೊಂಡದ್ದು ಹೀಗೆ: ಆಂಪಿಯರ್ ಕಡಿಮೆ ಇದೆ, ಅದನ್ನು ನೋಡಿ ನಮ್ಮ ಕಂಟ್ರೋಲರ್ ‘ಪಂಪ್ ಒಣಗಿದೆ’ ಎಂದು ತಪ್ಪು ತಿಳಿದು ನಿಲ್ಲಿಸುತ್ತಿದೆ. ಡ್ರೈ ರನ್ ರಕ್ಷಣೆ ಕೆಲಸ ಮಾಡುವುದೇ ಹಾಗೆ. ನೀರು ಎತ್ತುವ ಭಾರ ಇಲ್ಲದಾಗ ಮೋಟಾರ್ ಎಳೆಯುವ ಆಂಪಿಯರ್ ಇಳಿಯುತ್ತದೆ; ಇಟ್ಟ ಮಿತಿಗಿಂತ ಕೆಳಗೆ ಹೋದರೆ ಕಂಟ್ರೋಲರ್ ನಿಲ್ಲಿಸುತ್ತದೆ. ಅದಕ್ಕೇ ಮಿತಿ ಇಳಿಸಲು ಹೇಳಿದರು. ನನ್ನ ಮೇಲ್ ಓದಿದ ಯಾರಾದರೂ ಅದನ್ನೇ ಹೇಳುತ್ತಿದ್ದರು.

ಚಿಕ್ಕಪ್ಪ 9ಕ್ಕೆ ಇಳಿಸಿದರು. ನಾಲ್ಕನೇ ದಿನ ಬೆಳಗಿನ ಜಾವ ವೋಲ್ಟೇಜ್ ಸರಿಯಾಯಿತು, ಮೋಟಾರ್ ತಿರುಗಿತು, ಸ್ವಲ್ಪ ಹೊತ್ತಿಗೆ ಬೋರ್‌ನಲ್ಲಿ ನೀರು ತಳ ಸೇರಿತು. ಒಣ ಪಂಪ್ 11 ಆಂಪಿಯರ್ ಎಳೆಯುತ್ತಾ ತಿರುಗುತ್ತಲೇ ಇತ್ತು. ಹಳೆಯ ಮಿತಿ 14 ಇದ್ದಿದ್ದರೆ ಕಂಟ್ರೋಲರ್ ನಿಲ್ಲಿಸುತ್ತಿತ್ತು. 9ಕ್ಕೆ ಅದು ನಿಲ್ಲಿಸುವಂತಿರಲಿಲ್ಲ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದು ಸುತ್ತಲಿನ ನೀರಿನಿಂದಲೇ. ಹೊಲಕ್ಕೆ ಹೋಗಿ ನೋಡುವಷ್ಟರಲ್ಲಿ ವೈಂಡಿಂಗ್ ಸುಟ್ಟಿತ್ತು. ಸಾವಿರ ಅಡಿಯಿಂದ ಮೋಟಾರ್ ಎತ್ತಿಸಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಹೊತ್ತಿಗೆ ಗಿಡದ ಹೂವು ಉದುರಿತ್ತು. ಚಿಕ್ಕಪ್ಪ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಎರಡನೇ ಮೇಲ್ ಬರೆಯುವ ಮೊದಲು ಹಳೆಯದನ್ನು ತೆಗೆದು ಕೂತೆ. ಬರೆದವನೇ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ, ಅರ್ಥ ಮೊದಲೇ ತಲೆಯಲ್ಲಿರುತ್ತದೆ. ಹಾಸ್ಟೆಲ್‌ನಲ್ಲಿ ಬಿಹಾರದ ಸಹಪಾಠಿಯೊಬ್ಬನಿದ್ದಾನೆ. ಅವನಿಗೆ ಕೊಟ್ಟೆ. ‘ಅರ್ಥವಾಯಿತಾ?’ ಎಂದು ಕೇಳಿದ್ದರೆ ‘ಆಯ್ತು’ ಅನ್ನುತ್ತಿದ್ದ. ‘ಏನಾಗಿದೆ ಅಂತ ನೀನೇ ನನಗೆ ಹೇಳು’ ಅಂದೆ. ಅವನು ಹೇಳಿದ: ಎರಡು ಇಂಚಿನ ಪೈಪ್ ಇದೆ, ಆಂಪಿಯರ್ ಕಡಿಮೆ, ನಡುವೆ ಎಲ್ಲೋ ಸಂದು ಬಿಟ್ಟಿದೆ, ಮೋಟಾರ್ ಏನನ್ನೋ ತೆಗೆದುಕೊಳ್ಳುತ್ತಿಲ್ಲ. ಗುಂಟೆ, ಕೋಡಿ ಗೊತ್ತಿಲ್ಲ.

ಆಗ ಒಂದು ವಿಷಯ ಸ್ಪಷ್ಟವಾಯಿತು. ಗುಂಟೆ, ಕೋಡಿಯಂಥ ಕನ್ನಡ ಪದಗಳು ಅಷ್ಟು ಅಪಾಯವಲ್ಲ. ಓದುವವನು ಅಲ್ಲಿ ನಿಲ್ಲುತ್ತಾನೆ, ಕೇಳುತ್ತಾನೆ. ಅಪಾಯ ಇರುವುದು ಇಂಗ್ಲಿಷಿನಿಂದ ಬಂದು ನಮ್ಮೂರಲ್ಲಿ ಅರ್ಥ ಬದಲಿಸಿಕೊಂಡ ಪದಗಳಲ್ಲಿ. ಕರೆಂಟ್, ಇಂಚು, ಗ್ಯಾಪ್. ಓದುವವನಿಗೆ ಇವು ಗೊತ್ತಿರುವ ಪದಗಳೇ. ಆದ್ದರಿಂದ ಕೇಳದೆ ತನ್ನ ಅರ್ಥ ಹಚ್ಚಿಕೊಂಡು ಮುಂದೆ ಹೋಗುತ್ತಾನೆ.

ಇಂಚನ್ನೇ ನೋಡಿ. ‘ಎರಡು ಇಂಚು ನೀರು’ ಅಂದರೆ ಪೈಪಿನ ಅಳತೆ ಅಲ್ಲ. ಬೋರ್ ಕೊರೆಯುವಾಗ ಹೊರಬರುವ ನೀರನ್ನು ‘ವಿ’ ಆಕಾರದ ಕಚ್ಚು ಇರುವ ತಗಡಿನ ಮೇಲೆ ಹರಿಸಿ, ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಅಳೆಯುತ್ತಾರೆ. ಆ ಎತ್ತರವೇ ಇಂಚು. ನಮ್ಮ ಹೈಡ್ರಾಲಿಕ್ಸ್ ಲ್ಯಾಬ್‌ನಲ್ಲಿ ಮಾಡಿಸುವ ವಿ-ನಾಚ್ ಪ್ರಯೋಗ ಇದೇ. 90 ಡಿಗ್ರಿಯ ಕಚ್ಚಿನಲ್ಲಿ ಎರಡು ಇಂಚು ಎಂದರೆ ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 48 ಲೀಟರ್. ಮೂರು ಇಂಚು ಎಂದರೆ ಒಂದೂವರೆ ಪಟ್ಟಲ್ಲ, 130 ಲೀಟರ್ ದಾಟುತ್ತದೆ. ಹಾಗಾಗಿ ಹೊರಗಿನವರಿಗೆ ಇಂಚು ಎಂದು ಬರೆದು ಪಕ್ಕದಲ್ಲಿ ವಿವರಣೆ ಕೊಡುವುದೂ ಸಾಲದು. ಲೀಟರ್‌ಗೆ ಬದಲಿಸಿಯೇ ಬರೆಯಬೇಕು.

ಗ್ಯಾಪ್‌ಗೆ ಒಂದೇ ಪದ ಸಿಗಲಿಲ್ಲ. ಪದಕ್ಕೆ ಪದ ಹುಡುಕುವುದನ್ನು ಬಿಟ್ಟು, ಬೋರ್ ಮುಂದೆ ನಿಂತರೆ ಕಣ್ಣಿಗೆ ಕಾಣುವುದನ್ನೇ ಬರೆದೆ: ‘ಇಪ್ಪತ್ತು ನಿಮಿಷ ನೀರು ಪೂರ್ತಿ ಬರುತ್ತದೆ, ಆಮೇಲೆ ಗಾಳಿ ಬೆರೆತು ಬಿಟ್ಟುಬಿಟ್ಟು ಬರುತ್ತದೆ, ಕೊನೆಗೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ.’ ‘ಮೋಟಾರ್ ಟೇಕಿಂಗ್’ ಹೋಗಿ ‘ಸ್ಟಾರ್ಟ್ ಆದ ಕೆಲವೇ ಸೆಕೆಂಡಿಗೆ ಕಂಟ್ರೋಲರ್ ನಿಲ್ಲಿಸುತ್ತದೆ’ ಎಂದಾಯಿತು. ಗುಂಟೆ ಹೋಗಿ ಒಂದೂಕಾಲು ಎಕರೆ ಬಂತು. ಕೆರೆ ಕೋಡಿಗೆ ಇಂಗ್ಲಿಷ್ ಹುಡುಕಿದೆ, ಆಮೇಲೆ ಹೊಳೆಯಿತು: ಕಂಟ್ರೋಲರ್ ಮಾಡಿದವರಿಗೆ ಕೋಡಿ ಯಾಕೆ ಬೇಕು? ಆ ಸಾಲನ್ನೇ ತೆಗೆದೆ. ‘ಡು ದ ನೀಡ್‌ಫುಲ್’ ಜಾಗದಲ್ಲಿ ನಮಗೆ ಬೇಕಾದ ಎರಡು ಪ್ರಶ್ನೆ ಬಂದವು: ವೋಲ್ಟೇಜ್ ಮಿತಿ ಎಷ್ಟಿಡಬೇಕು, ಅಂಡರ್‌ಲೋಡ್ ಮಿತಿ ಎಷ್ಟಿಡಬೇಕು.

ಒಂದು ಕಡೆ ಅತಿಯೂ ಆಯಿತು. ಹೆದರಿಕೆಯಲ್ಲಿ ‘ಕರೆಂಟ್’ ಇದ್ದಲ್ಲೆಲ್ಲ ‘ಸಪ್ಲೈ’ ಮಾಡಿದ್ದೆ. ‘22 ಆಂಪಿಯರ್ ಸಪ್ಲೈ’ ಎಂದು ಓದಿ ಸಹಪಾಠಿ ನಕ್ಕ. ಆಂಪಿಯರ್ ಇರುವಲ್ಲಿ ಕರೆಂಟ್ ಸರಿಯಾದ ಪದವೇ. ಒಂದೊಂದು ಜಾಗವನ್ನೂ ನೋಡಿ ಬದಲಿಸಬೇಕು, ಕಂಪ್ಯೂಟರ್‌ನಲ್ಲಿ ಒಂದೇ ಸಲ ಎಲ್ಲ ಬದಲಿಸಲು ಆಗುವುದಿಲ್ಲ. ಸಂಖ್ಯೆ ಬರೆದಾಗ ಪಕ್ಕದಲ್ಲಿ ವೋಲ್ಟ್, ಆಂಪಿಯರ್, ಲೀಟರ್ ಇದ್ದರೆ ಪದ ತಪ್ಪಿದರೂ ಓದುವವನು ಹಿಡಿದುಕೊಳ್ಳುತ್ತಾನೆ. ಮೊದಲ ಮೇಲ್‌ನಲ್ಲಿ ‘330 ವೋಲ್ಟ್’ ಎಂಬ ಒಂದು ಅಂಕಿ ಇದ್ದಿದ್ದರೆ ಮೋಟಾರ್ ಉಳಿಯುತ್ತಿತ್ತು.

ಎರಡನೇ ಮೇಲ್‌ಗೆ ಬಂದ ಉತ್ತರ ಬೇರೆಯೇ ಆಗಿತ್ತು. ರಾತ್ರಿ ನಿಲ್ಲಿಸುತ್ತಿರುವುದು ಕಡಿಮೆ ವೋಲ್ಟೇಜ್‌ನ ರಕ್ಷಣೆ, ಅದನ್ನು ಮುಟ್ಟಬೇಡಿ. ನಿಮ್ಮ ಪಂಪ್ ನಿಮಿಷಕ್ಕೆ 75 ಲೀಟರ್‌ನಷ್ಟು ಎತ್ತುತ್ತಿದೆ, ಬೋರ್ ಕೊಡುವುದು 48, ಅದಕ್ಕೇ ನೀರು ಮುಗಿಯುತ್ತಿದೆ. ಅಂಡರ್‌ಲೋಡ್ ಮಿತಿ ಮತ್ತೆ 14ಕ್ಕೆ ಏರಿಸಿ, ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ ಹರಿವು ತಗ್ಗಿಸಿ, ಒಣಗಿ ನಿಂತ ಮೇಲಿನ ವಿರಾಮವನ್ನು ಅರ್ಧ ಗಂಟೆಗೆ ಇಡಿ. ವಾಲ್ವ್ ಮುಚ್ಚಿದ ಮೇಲೆ ಓಡುವಾಗಿನ ಆಂಪಿಯರ್ ನೋಡಿ ತಿಳಿಸಿ, ಮಿತಿಯನ್ನು ಅದಕ್ಕೆ ಹೊಂದಿಸೋಣ ಎಂದಿದ್ದರು. ‘ಗ್ಯಾಪ್’ ಎಂದು ಓದಿದಾಗ ವಿದ್ಯುತ್ ಬರುವ ಹೊತ್ತುಗಳ ನಡುವಿನ ಅಂತರ ಅಂದುಕೊಂಡಿದ್ದೆವು ಎಂದೂ ಬರೆದಿದ್ದರು. ಅದೇ ಕಂಪನಿ, ಅದೇ ಬೋರ್.

ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ‘ಕರೆಂಟ್ ಲೋ ಬರ್ತೈತೆ ಕಣಪ್ಪಾ’ ಅಂದರು. ನಾನು ಬಾಯಿ ತೆಗೆಯುವ ಮೊದಲೇ, ‘ಇರು, ಪೆಟ್ಟಿಗೆ ಹತ್ರಾನೇ ನಿಂತಿದ್ದೀನಿ. ಮುನ್ನೂರ ನಲವತ್ತು ವೋಲ್ಟು ಅಂತ ತೋರಿಸ್ತೈತೆ. ಅದನ್ನೇ ಬರಿ’ ಅಂದರು.